ಶಂಕ್ರಮ್ಮನ ಏಳು ಚಾನಲ್ಲು

ನನ್ನ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕುಷ್ಟಗಿಯ ಹಳೇ ಬಜಾರದಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಕೊಟ್ರಬಸಪ್ಪನ ಅಂಗಡಿಯಲ್ಲಿ ಬೇಳೆ ಛಲೋ ಸಿಗುತ್ತದೆ, ಮಾತು ಮಾತ್ರ ಖಾರ ಎನ್ನುತ್ತಾರೆ. ಮೂವತ್ತೆರಡು ವರ್ಷ ಕಿರಾಣಿ ಅಂಗಡಿ ನಡೆಸಿದವನು ನಾನು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದ ಗಿರಾಕಿಗೆ ಹನ್ನೊಂದನೇ ಸಲವೂ ನಗುತ್ತ ಉತ್ತರ ಕೊಡುವ ವಿದ್ಯೆ ನನಗೆ ಬರಲಿಲ್ಲ. ನನ್ನ ಹೆಂಡತಿ ಶಂಕ್ರಮ್ಮನಿಗೆ ಬರುತ್ತಿತ್ತು. ನಾನು ಯಾರಿಗಾದರೂ ಬೈಯಲು ಶುರು ಮಾಡಿದರೆ ಸಾಕು, ಒಳಗಿನಿಂದ ಅವಳ ದನಿ ಬರುತ್ತಿತ್ತು, ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಹೋದ ದಸರಾ ಮುಗಿದ ಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವಾ ಹೊಡೆದಿತ್ತು. ಕೊಪ್ಪಳದ ದವಾಖಾನೆಯಲ್ಲಿ ಹದಿನೇಳು ದಿನ ಇದ್ದೆವು. ಬಲಗೈ ಬಲಗಾಲು ಹೋದವು, ಅದರ ಜೊತೆಗೆ ಮಾತೂ ಹೋಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ ಎರಡು ಮಾತು ನನಗೆ ಇನ್ನೂ ಬಾಯಿಪಾಠ ಇವೆ. ಒಂದು, ನೀವು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ, ಹೊರಗೆ ತರಲು ಮಾತ್ರ ಆಗುವುದಿಲ್ಲ. ಇನ್ನೊಂದು, ಹೌದು ಅಲ್ಲ ಎಂದು ತಲೆ ಆಡಿಸುವುದನ್ನು ಪೂರಾ ನಂಬಬೇಡಿ, ಈ ರೋಗದಲ್ಲಿ ಅದು ಅದಲುಬದಲಾಗುತ್ತದೆ.

ಅದು ನಿಜವೇ ಆಯಿತು. ಹಸಿವೇ ಎಂದರೆ ತಲೆ ಆಡಿಸುವಳು, ಅನ್ನ ತಂದರೆ ಬಾಯಿ ಬಿಗಿಯುವಳು. ದವಾಖಾನೆಯವರು ಒಂದು ಚಿತ್ರದ ಹಾಳೆ ಕೊಟ್ಟಿದ್ದರು. ತಾಟು, ಲೋಟ, ಮಂಚ, ಅಳುವ ಮುಖ ಎಲ್ಲ ಅದರಲ್ಲಿತ್ತು, ಬೆರಳಿಟ್ಟು ತೋರಿಸಬೇಕು. ಮನೆಗೆ ಬಂದ ಮೂರನೇ ದಿನ ಅವಳು ಅದನ್ನು ಎಡಗೈಯಲ್ಲಿ ಮುದ್ದೆ ಮಾಡಿ ಎಸೆದಳು. ಅಂಗನವಾಡಿಯ ಮಕ್ಕಳಿಗೆ ತೋರಿಸುವ ಹಾಳೆ ಅದು, ನನಗೂ ಸಿಟ್ಟು ಬಂದಿತ್ತು.

ಚಾನಲ್ಲಿನ ದಾರಿ ಕಂಡುಹಿಡಿದವಳು ಅವಳೇ. ನಮ್ಮ ಮನೆಯ ಮುಂದಿನ ಖೋಲಿ ಅಂಗಡಿ, ಹಿಂದಿನ ಖೋಲಿಯಲ್ಲಿ ಅವಳ ಮಂಚ, ನಡುವೆ ಒಂದು ಪರದೆ. ಹೊತ್ತು ಹೋಗಲಿ ಎಂದು ಮಂಚದ ಎದುರು ಟಿವಿ ಇಟ್ಟಿದ್ದೆ. ಮಾಳಿಗೆಯ ಮೇಲೆ ಡಿಶ್ಶಿನ ಛತ್ರಿ, ಟಿವಿಯ ಕೆಳಗೆ ತಿಂಗಳ ಬಾಡಿಗೆ ಇಲ್ಲದ ಡಬ್ಬಿ. ಒಂದು ಮಧ್ಯಾಹ್ನ ಗಿರಾಕಿಯ ಜೊತೆ ಮಾತಾಡುತ್ತಿದ್ದೆ, ಒಳಗಿನಿಂದ ಒಗ್ಗರಣೆ ಚಟಪಟ ಎನ್ನುವ ಸದ್ದು ಜೋರಾಗಿ ಬಂತು. ಹೋಗಿ ಸದ್ದು ತಗ್ಗಿಸಿ ಬಂದೆ. ಮತ್ತೆ ಜೋರಾಯಿತು. ಮತ್ತೆ ತಗ್ಗಿಸಿದೆ. ಮೂರನೇ ಸಲ ಹೋದಾಗ ಅವಳು ಟಿವಿಯಲ್ಲಿನ ಬಾಣಲೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಗ ನನ್ನ ಮಂದ ತಲೆಗೆ ಹೊಳೆಯಿತು. ಒಂದೂವರೆ ರೊಟ್ಟಿ ತಿಂದಳು.

ಆಮೇಲೆ ಒಂದೊಂದೇ ಸೇರುತ್ತ ಹೋದವು. ಭಜನೆಯ ಚಾನಲ್ಲಿನಲ್ಲಿ ಯಾವಾಗಲೂ ಗಂಗಾನದಿ ತೋರಿಸುತ್ತಾರೆ, ಅದು ಬಂದರೆ ನೀರು. ಹಿಂದಿ ಹಾಡು ಬಂದರೆ ಮಗ್ಗಲು ಬದಲಿಸಬೇಕು. ಆಟದ ಚಾನಲ್ಲು ಬಂದರೆ ಮೂತ್ರದ ಪಾತ್ರೆ ಇಡಬೇಕು, ಅವರು ಓಡುವುದನ್ನು ನೋಡಿ ಅವಳಿಗೆ ಅದು ಹೊಳೆದಿರಬೇಕು, ಮೊದಲ ಸಲ ಇಬ್ಬರೂ ನಕ್ಕಿದ್ದೆವು. ಮಕ್ಕಳ ಕಾರ್ಟೂನು ಬಂದರೆ ಯಲಬುರ್ಗಾದಲ್ಲಿ ಮಾಸ್ತರನಾಗಿರುವ ಮಗ ರುದ್ರೇಶನಿಗೆ ಫೋನು ಹಚ್ಚಬೇಕು. ಕೂಗಾಡುವ ಹಿಂದಿ ಸುದ್ದಿ ಬಂದರೆ ನೋವು, ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರಬೇಕು. ಚಂದನ ಇದ್ದರೆ ಎಲ್ಲ ಆರಾಮ ಎಂದು ಅರ್ಥ. ಛತ್ರಿ ಕೂರಿಸುವ ಅಸ್ಲಮನನ್ನು ಕರೆಸಿ ಈ ಏಳನ್ನು ಬೇರೆ ಪಟ್ಟಿಯಲ್ಲಿ ಇಡಿಸಿದೆ. ರಿಮೋಟಿನಲ್ಲಿ ಹೃದಯದ ಗುರುತಿನ ಗುಂಡಿ ಒತ್ತಿದರೆ ಈ ಏಳೇ ಬರುತ್ತವೆ, ಮೇಲೆ ಕೆಳಗೆ ಮಾಡಿದರೆ ಸಾಕು. ನೂರಾರು ಚಾನಲ್ಲಿನಲ್ಲಿ ಎಡಗೈಯಿಂದ ಹುಡುಕುವ ತ್ರಾಸು ತಪ್ಪಿತು. ತಲೆ ಆಡಿಸುವಾಗ ಅದಲುಬದಲಾಗುವ ನನ್ನ ಹೆಂಡತಿ ಚಾನಲ್ಲಿನಲ್ಲಿ ಐದು ತಿಂಗಳು ಒಂದು ಸಲವೂ ತಪ್ಪಲಿಲ್ಲ.

ತಪ್ಪಿದವನು ನಾನು. ಏಪ್ರಿಲ್ ಮೊದಲ ವಾರ, ಬಿಸಿಲು ಹತ್ತು ಗಂಟೆಗೇ ಅಂಗಡಿಯ ಕಟ್ಟೆ ಏರಿತ್ತು. ಒಳಗಿನಿಂದ ಭಜನೆ ಕೇಳಿಸಿತು. ಲೋಟದಲ್ಲಿ ನೀರು, ಒಂದು ಚಮಚ ತೆಗೆದುಕೊಂಡು ಹೋದೆ. ಅವಳ ಮುಖ ಬೆವತಿತ್ತು. ಸೆಕೆಗೆ ಬಾಯಾರಿದೆ ಎಂದುಕೊಂಡು ಚಮಚ ತುಟಿಗೆ ಹಿಡಿದೆ. ಬಾಯಿ ತೆರೆಯಲಿಲ್ಲ. ಒತ್ತಾಯ ಮಾಡಿದೆ, ಗಂಟಲಿಗೆ ಹತ್ತಿ ಕೆಮ್ಮಿದಳು. ಬೇಡವಾದರೆ ಯಾಕೆ ಕರೆಯುತ್ತಿ ಎಂದು ಗೊಣಗಿ ಹೊರಗೆ ಬಂದೆ.

ಐದು ನಿಮಿಷಕ್ಕೆ ಮತ್ತೆ ಭಜನೆ, ಈ ಸಲ ಇನ್ನೂ ಜೋರು. ತವರಗೇರಾದಿಂದ ಬಂದ ಗಿರಾಕಿ ಮದುವೆಯ ಸಾಮಾನಿನ ದೊಡ್ಡ ಯಾದಿ ಹಿಡಿದು ನಿಂತಿದ್ದ. ಅವನನ್ನು ನಿಲ್ಲಿಸಿ ನೀರು ಒಯ್ದೆ. ಅವಳು ಎಡಗೈಯಿಂದ ಲೋಟವನ್ನು ತಳ್ಳಿದಳು. ನನ್ನ ಅಂಗಿಯೆಲ್ಲ ತೊಯ್ದಿತು.

"ಏನ್ ಹಠ ಹಿಡದಿ ನೀನು? ಬೇಕಂತಿ, ಕೊಟ್ರ ಚೆಲ್ತಿ. ನನಗೇನ್ ಬ್ಯಾರೆ ಕೆಲಸ ಇಲ್ಲೇನು?" ಎಂದೆ.

ಮೂರನೇ ಸಲ ಭಜನೆ ಬಂದಾಗ ನಾನು ಹೋಗಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಯಾದಿಯ ಸಾಮಾನು ತೂಗುತ್ತ ನಿಂತೆ. ಗಂಗೆ ಯಮುನೆ ಎಂದು ಒಳಗೆ ಹಾಡುತ್ತಲೇ ಇತ್ತು, ಪರದೆ ಅದುರುವಷ್ಟು ಸದ್ದು. ಅಜ್ಜಿಗೆ ಭಕ್ತಿ ಭಾಳ ಎಂದು ಆ ಗಿರಾಕಿ ನಕ್ಕ, ನಾನೂ ನಕ್ಕೆ. ಇಪ್ಪತ್ತು ನಿಮಿಷ ಆಗಿರಬೇಕು. ಅಷ್ಟರಲ್ಲಿ ದಿನಾ ಅವಳ ಮೈ ಒರೆಸಿ ಸೀರೆ ಬದಲಿಸಲು ಬರುವ ಸಣ್ಣವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಂದವಳೇ ಕೂಗಿದಳು.

"ಅಣ್ಣಾರ, ಲಗೂನ ಬರ್ರಿ. ಅಕ್ಕಾರ ಕೈ ನೋಡ್ರಿ."

ಶಂಕ್ರಮ್ಮ ಬಲಕ್ಕೆ ಜಾರಿದ್ದಳು. ಸತ್ತ ಬಲಗೈ ಮಂಚದ ಕಬ್ಬಿಣದ ಪಟ್ಟಿಗೂ ಗೋಡೆಗೂ ನಡುವೆ ಸಿಕ್ಕಿತ್ತು, ಮೈಯ ಭಾರ ಪೂರಾ ಅದರ ಮೇಲೆ. ನಾನು ನೀರು ಕುಡಿಸಲು ಎಡಗಡೆಯಿಂದ ಬಗ್ಗಿದ್ದೆ, ಹೊದಿಕೆಯ ಆಚೆ ಏನಿದೆ ಎಂದು ನೋಡಿರಲಿಲ್ಲ. ಇಬ್ಬರೂ ಸೇರಿ ಎತ್ತಿ ಕೈ ಬಿಡಿಸಿದೆವು. ಬೆರಳು ಊದಿ ನೀಲಿಯಾಗಿದ್ದವು. ಅವಳು ನನ್ನನ್ನು ನೋಡಲಿಲ್ಲ. ಎಡಗೈಯಲ್ಲಿ ರಿಮೋಟು ಇನ್ನೂ ಬಿಗಿಯಾಗಿ ಇತ್ತು, ಟಿವಿಯಲ್ಲಿ ಗಂಗಾರತಿ ನಡೆದಿತ್ತು. ಅವಳ ಬೆರಳು ಗುಂಡಿಗೆ ತಾಗಿ ಅದರ ಕೆಳಗೆ ಚಾನಲ್ಲಿನ ಹೆಸರು ಬಂತು. ಅದು ಸುದ್ದಿ ಚಾನಲ್ಲಿನ ಹೆಸರು.

ಅವಳು ನೋವು ಎಂದೇ ಕೂಗಿದ್ದಳು, ಒಂದಲ್ಲ ಮೂರು ಸಲ. ಸುದ್ದಿಯ ಜಾಗದಲ್ಲಿ ಬೇರೊಂದು ಭಜನೆ ಚಾನಲ್ಲು ಬಂದು ಕೂತಿತ್ತು. ಹೆಸರು ಹಳೆಯದು, ಒಳಗೆ ಹಾಡುವವರು ಹೊಸಬರು. ಅವಳಿಗೆ ಅದು ಕಂಡಿತ್ತು, ಆದರೆ ನೋವಿಗೆ ಅವಳ ಹತ್ತಿರ ಇದ್ದದ್ದು ಅದೊಂದೇ ಜಾಗ. ನಾನು ನೀರು ತಂದು ಬೈದು ಹೋಗಿದ್ದೆ.

ರುದ್ರೇಶನಿಗೆ ಫೋನು ಮಾಡಿದೆ. ಅವನು ಪರಿಚಯದ ಡಾಕ್ಟರನ್ನು ಕೇಳಿ ತಿರುಗಿ ಹಚ್ಚಿದ. ಬೆರಳಿಗೆ ಬಣ್ಣ ತಿರುಗಿ ಬರುತ್ತಿದ್ದರೆ ಹೆದರಬೇಡಿ, ಆದರೆ ನೋವು ಹಾಗೇ ಉಳಿದರೆ ಭುಜ ಜಾರಿರಬಹುದು, ಎಲುಬು ಮುರಿದಿರಬಹುದು, ಕೊಪ್ಪಳಕ್ಕೆ ತರಲೇಬೇಕು ಎಂದಿದ್ದರು. ಸುಮ್ಮನೆ ತರುವುದೂ ಬೇಡ, ಈ ಬಿಸಿಲಲ್ಲಿ ಅಷ್ಟು ದೂರ ಗಾಡಿಯಲ್ಲಿ ಕುಲುಕಾಡಿದರೆ ಅವರಿಗೆ ಆಗುವುದಿಲ್ಲ ಎಂದೂ ಹೇಳಿದ್ದರಂತೆ. "ಅವ್ವಗ ಕೇಳಿ ಹೇಳಪ್ಪ, ಈಗೂ ನೋವು ಐತೋ ಇಲ್ಲೋ. ಐತಿ ಅಂದ್ರ ಗಾಡಿ ತಗೊಂಡ್ ಹೊಂಡ್ತೀನಿ" ಎಂದ ಮಗ. ಕೇಳುವುದು ಅವನಿಗೆ ಸುಲಭ.

ಕೇಳಿದೆ. ನೋವು ಐತೇನು? ತಲೆ ಆಡಿಸಿದಳು. ಇಲ್ಲೇನು? ಅದಕ್ಕೂ ಆಡಿಸಿದಳು. ಮೆಲ್ಲಗೆ ಭುಜ ಮುಟ್ಟಿದೆ, ಕಣ್ಣು ಮುಚ್ಚಿದಳು. ನೋವಿಗೋ, ನನ್ನ ಮೇಲಿನ ಬೇಸರಕ್ಕೋ, ದೇವರಿಗೇ ಗೊತ್ತು.

ಸುದ್ದಿ ಚಾನಲ್ಲನ್ನು ಹುಡುಕಿ ತಂದರೆ ಅವಳೇ ಹೇಳುತ್ತಾಳೆ ಎಂದುಕೊಂಡೆ. ಅಸ್ಲಮನಿಗೆ ಹಚ್ಚಿದೆ. ಅವನು ಹನುಮನಹಳ್ಳಿಯಲ್ಲಿ ಅಂಜನಾದ್ರಿಗೆ ಬರುವವರ ಲಾಡ್ಜಿನ ಮಾಳಿಗೆ ಮೇಲೆ ಛತ್ರಿ ಕೂರಿಸುತ್ತಿದ್ದ, ಗಾಳಿಯಲ್ಲಿ ಅವನ ಮಾತು ಅರ್ಧ ಕೇಳಿಸಿತು. ಒಂದನೇ ತಾರೀಖಿಗೆ ಚಾನಲ್ಲುಗಳ ಜಾಗ ಬದಲಾಗಿವೆ, ಹೊಸದಾಗಿ ಹುಡುಕಿಸಬೇಕು, ಸಂಜೆ ಬಂದು ಮಾಡಿಕೊಡುತ್ತೇನೆ, ನೀವು ಏನೂ ಮುಟ್ಟಬೇಡಿ ಎಂದ. ಸಂಜೆಯವರೆಗೆ ಕಾಯುವ ಸ್ವಭಾವ ನನ್ನದಲ್ಲ. ಅವನು ಮಾಡುವಾಗ ಎರಡು ಸಲ ನೋಡಿದ್ದೆ, ಅಂಥ ದೊಡ್ಡ ವಿದ್ಯೆ ಏನಿದೆ ಅದರಲ್ಲಿ ಎನ್ನಿಸಿತು.

ಮೆನು ಒತ್ತಿದೆ. ಇಂಗ್ಲೀಷು ಬಂತು. ನನ್ನ ಇಂಗ್ಲೀಷು ಸಾಬೂನಿನ ಪೊಟ್ಟಣ ಓದುವಷ್ಟು. ಹಲ್ಲಿನ ಗಾಲಿಯ ಚಿತ್ರದ ಒಳಗೆ ಹೋಗಿ ಮೊದಲ ಸಾಲಿನಲ್ಲಿ ಬಲಬಾಣ ಒತ್ತಿದೆ, ಟಿವಿಯ ಪರದೆಯ ಅಕ್ಷರಗಳೆಲ್ಲ ಹಿಂದಿಯಾದವು. ಮತ್ತೆ ಒತ್ತಿದೆ, ಯಾವುದೋ ಗೊತ್ತಿಲ್ಲದ ಲಿಪಿ. ಗಾಬರಿಯಾಗಿ ಇನ್ನೆರಡು ಸಲ ಒತ್ತಿ ಹೊರಗೆ ಬಂದುಬಿಟ್ಟೆ. ಮತ್ತೆ ಮೆನು ತೆರೆದರೆ ಎಲ್ಲವೂ ಅರಬ್ಬಿ. ಅಕ್ಷರ ಬಲಗಡೆಯಿಂದ ಶುರುವಾಗಿ ಎಡಕ್ಕೆ ಹೋಗುತ್ತಿದ್ದವು, ಎಡದಲ್ಲಿದ್ದ ಚಿತ್ರಗಳು ಬಲಕ್ಕೆ ಹೋಗಿದ್ದವು. ಟಿವಿಯ ಚಿತ್ರವಿರುವ ಕಡೆ ಚಾನಲ್ಲು ಇರಬೇಕು ಎಂದು ಅಲ್ಲಿಗೆ ಹೋದೆ. ಕೊನೆಯ ಸಾಲಿನ ಮೇಲೆ ಓಕೆ ಒತ್ತಿದಾಗ ಗುಟ್ಟಿನ ಅಂಕಿ ಹಾಕುವ ನಾಲ್ಕು ಖಾಲಿ ಮನೆ ಬಂದವು. ಅಸ್ಲಮ ಅಲ್ಲಿ ನಾಲ್ಕು ಸೊನ್ನೆ ಒತ್ತುವುದನ್ನು ನೋಡಿದ್ದೆ. ನಾನೂ ಒತ್ತಿದೆ. ಏನೋ ಕೇಳಿತು, ಓಕೆ ಅಂದೆ.

ಟಿವಿ ಕಪ್ಪಾಯಿತು. ನಡುವೆ ಅರಬ್ಬಿಯ ಒಂದೇ ಸಾಲು ನಿಂತಿತು. ಹೃದಯದ ಗುಂಡಿ ಒತ್ತಿದೆ, ಏನೂ ಬರಲಿಲ್ಲ. ಒಂದು ಎರಡು ಮೂರು ಎಂದು ಅಂಕಿ ಒತ್ತಿದೆ, ಏನೂ ಇಲ್ಲ. ಚಂದನವೂ ಇಲ್ಲ, ಭಜನೆಯೂ ಇಲ್ಲ. ಇದ್ದಬದ್ದ ಚಾನಲ್ಲನ್ನೆಲ್ಲ ನನ್ನ ಕೈಯಾರೆ ಅಳಿಸಿದ್ದೆ.

ಶಂಕ್ರಮ್ಮ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಗಂಟಲಿನಿಂದ ಒಂದು ಸದ್ದು ಬಂತು. ಅಳುವಲ್ಲ, ಕೂಗಲ್ಲ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನಾನು ಮೂವತ್ತು ವರ್ಷ ಅವಳಿಗೆ ಎಷ್ಟೋ ಬೈದಿದ್ದೇನೆ, ಒಂದು ಸಲವೂ ಅವಳು ನನಗೆ ಬೆನ್ನು ಮಾಡಿದವಳಲ್ಲ. ಅಂಗಡಿಯ ಬಾಗಿಲಿಗೆ ಹಲಗೆಯ ಫಳಿ ಹಾಕಿ ಬಂದೆ. ಸಣ್ಣವ್ವ ಇನ್ನೊಂದು ಮನೆಯ ಕೆಲಸಕ್ಕೆ ಹೋಗಬೇಕಿತ್ತು, ಶಂಕ್ರಮ್ಮನನ್ನು ಅಂಗಾತ ಮಲಗಿಸಿ ಊದಿದ ಕೈಯನ್ನು ದಿಂಬಿನ ಮೇಲೆ ಇಟ್ಟು ಹೋದಳು.

ಅಸ್ಲಮನಿಗೆ ಮತ್ತೆ ಹಚ್ಚಿದೆ. ಆದದ್ದನ್ನು ಹೇಳಿದೆ. ಬೈಸಿಕೊಳ್ಳಲು ತಯಾರಿದ್ದೆ, ಅವನು ಬೈಯಲಿಲ್ಲ.

"ಅರಬ್ಬಿ ಅಕ್ಷರ ಅದಾವು. ನಿನಗ ಓದಾಕ ಬರ್ತೈತಲ್ಲೋ" ಎಂದೆ.

"ಓದಾಕ ಬರ್ತೈತ್ರಿ ಕಾಕಾ, ಅರ್ಥ ಆಗೂದಿಲ್ಲ. ಅಕ್ಷರದ ಗೊಡವಿ ಬಿಡ್ರಿ. ಚಿತ್ರ ನೋಡ್ರಿ, ಬಣ್ಣ ನೋಡ್ರಿ, ಅಂಕಿ ನೋಡ್ರಿ. ಅವು ಎಲ್ಲಾ ಭಾಷಾದಾಗೂ ಒಂದ ಇರ್ತಾವು."

ಛತ್ರಿಯ ಚಿತ್ರ ಹುಡುಕಿ ಒಳಗೆ ಹೋಗಲು ಹೇಳಿದ. ಹೋದೆ. ಉಪಗ್ರಹದ ಹೆಸರು ಇಂಗ್ಲೀಷಿನಲ್ಲೇ ಇತ್ತು, ಪಕ್ಕದಲ್ಲಿ 93.5. ಅದು ಹಾಗೇ ಇರಲಿ ಎಂದ. ಇನ್ನೊಂದು ಸಾಲಿನ ಅಂಕಿ ಓದಿಸಿದ, 9750, ಓರೆ ಗೆರೆ, 10600. ಸರಿ ಇದೆ ಎಂದ. ಕೆಳಗೆ ಸಿಗ್ನಲ್ ತೋರಿಸುವ ಎರಡು ಉದ್ದ ಪಟ್ಟಿಗಳಿದ್ದವು, ಒಂದರ ತುದಿಗೆ 78, ಇನ್ನೊಂದಕ್ಕೆ 64. ಎರಡನೆಯದು ಸೊನ್ನೆಯಾಗಿದ್ದರೆ ಛತ್ರಿ ಸರಿಮಾಡಲು ಮಾಳಿಗೆ ಹತ್ತಬೇಕಿತ್ತಂತೆ.

ಪರದೆಯ ತಳದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳಿದ್ದವು. ರಿಮೋಟಿನಲ್ಲೂ ಅವೇ ನಾಲ್ಕು ಬಣ್ಣದ ಗುಂಡಿ. "ನೀಲಿ ಒತ್ರಿ. ಹಳದಿ ಮುಟ್ಟಬ್ಯಾಡ್ರಿ, ಅದು ಉಪಗ್ರಹನ ಅಳಿಸಿಬಿಡ್ತೈತಿ" ಎಂದ ಅಸ್ಲಮ. ನೀಲಿಯೂ ಹಳದಿಯೂ ಪಕ್ಕಪಕ್ಕ. ನನ್ನ ಹೆಬ್ಬೆರಳು ಬೆಲ್ಲದ ಪೆಂಟೆ ಒಡೆದು ದಪ್ಪಗಾದದ್ದು. ಕಿರುಬೆರಳಿನ ತುದಿಯಿಂದ ನೀಲಿ ಒತ್ತಿದೆ. ಒಂದು ಚೌಕಟ್ಟು ಬಂತು, ಒಳಗೆ ಮೂರು ಸಾಲು. ಏನೂ ಬದಲಿಸದೆ ಓಕೆ ಅನ್ನಿ ಎಂದ. ಅಂದೆ.

ಪಟ್ಟಿಯೊಂದು ತುಂಬಲು ಶುರುವಾಯಿತು. ಶೇಕಡಾ ಮೂರು, ಐದು. ಎರಡು ಕಡೆ ಖಾಲಿ ಯಾದಿ. ಹನ್ನೆರಡಕ್ಕೆ ಬಂದರೂ ಒಂದು ಚಾನಲ್ಲೂ ಇಲ್ಲ. ಏನೂ ಬರುತ್ತಿಲ್ಲ ಎಂದು ಫೋನಿನಲ್ಲಿ ಕೂಗಿದೆ, ತಡೀರಿ ಎಂದ. ಹದಿನಾರಕ್ಕೆ ಒಮ್ಮೆಲೇ ಹೆಸರುಗಳು ಸುರಿದವು, ಒಂದರ ಕೆಳಗೊಂದು, ಇಂಗ್ಲೀಷಿನಲ್ಲಿ. ಇಪ್ಪತ್ತು, ನಲವತ್ತೊಂದು, ಅರವತ್ತಾರು. ಫ್ಯಾನು ಒಮ್ಮೆ ಮೆಲ್ಲಗಾಯಿತು, ಟಿವಿಯ ಬೆಳಕು ಅಳುಕಿತು. ಮಧ್ಯಾಹ್ನದ ಕರೆಂಟು ನಮ್ಮ ಓಣಿಯಲ್ಲಿ ಯಾವಾಗ ಹೋಗುತ್ತದೋ ಹೇಳಲಾಗದು. ಈಗ ಹೋದರೆ ಮೊದಲಿನಿಂದ ಮಾಡಬೇಕು ಎಂದು ಅಸ್ಲಮ ಹೇಳಿ ಮುಗಿಸುವಷ್ಟರಲ್ಲಿ ಅವನ ದನಿಯೇ ಕಡಿದುಹೋಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್. ಮಾಳಿಗೆಯ ಬಿಸಿಲಿನಲ್ಲಿ ಅವನ ಬ್ಯಾಟರಿ ಸತ್ತಿತ್ತು.

ಫ್ಯಾನು ಮತ್ತೆ ಬಿರುಸಾಯಿತು. ಪಟ್ಟಿ ತುಂಬಿತು. ಟಿವಿಗೆ ನೂರಾ ಎಂಬತ್ತು ಚಿಲ್ಲರೆ, ರೇಡಿಯೊಗೆ ನಲವತ್ತು ಚಿಲ್ಲರೆ ಎಂದು ಅಂಕಿ ನಿಂತವು. ಓಕೆ ಒತ್ತಿದೆ, ಒಬ್ಬ ಹೆಂಗಸು ಭೋಜಪುರಿಯಲ್ಲಿ ಹಾಡತೊಡಗಿದಳು. ಶಂಕ್ರಮ್ಮ ತಲೆ ತಿರುಗಿಸಿ ನೋಡಿದಳು.

ಇನ್ನು ಏಳು ಚಾನಲ್ಲಿನ ಪಟ್ಟಿ ಕಟ್ಟುವುದು. ಟಿವಿ ಚಿತ್ರದ ಕಡೆ ಹೋದೆ, ಈ ಸಲ ಮೊದಲ ಸಾಲು, ಕೊನೆಯದರ ಕಡೆ ಕಣ್ಣೂ ಹಾಯಿಸಲಿಲ್ಲ. ನಾಲ್ಕು ಸೊನ್ನೆ. ಚಾನಲ್ಲುಗಳ ಯಾದಿ ಬಂತು. ಹೃದಯದ ಗುಂಡಿ ಒತ್ತಿ ಒಂದು ಚಾನಲ್ಲಿನ ಮೇಲೆ ಓಕೆ ಎಂದರೆ ಅರಬ್ಬಿಯ ಗುಂಪುಗಳು ಬಂದವು, ಮೊದಲನೆಯದಕ್ಕೆ ಓಕೆ ಎಂದೆ, ಹೆಸರಿನ ಪಕ್ಕ ಸಣ್ಣ ಹೃದಯ ಕೂತಿತು. ಸರಿಯಾಗಿಯೇ ನೆನಪಿತ್ತು ನನಗೆ. ಇಂಗ್ಲೀಷು ಹೆಸರು ಕೂಡಿಸಿ ಕೂಡಿಸಿ ಓದುತ್ತ, ಮೂಲೆಯ ಸಣ್ಣ ಚಿತ್ರ ನೋಡುತ್ತ ಇಳಿದೆ. ಅಡಿಗೆಯದು ಮೂವತ್ತನೇ ಸಾಲಿನಲ್ಲಿತ್ತು. ಸುದ್ದಿ ಎಪ್ಪತ್ತು ದಾಟಿ ಸಿಕ್ಕಿತು, ಹೊಸ ಜಾಗದಲ್ಲಿ ಅದೇ ಕೂಗಾಟ. ಅದಕ್ಕೆ ಹೃದಯ ಹಚ್ಚುವಾಗ ನನ್ನ ಕಣ್ಣು ತುಂಬಿತು. ಆಟ, ಕಾರ್ಟೂನು, ಹಾಡು, ಗಂಗೆಯ ಭಜನೆ, ಚಂದನ. ಏಳೂ ಆಗುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ರುದ್ರೇಶ ಎರಡು ಸಲ ಫೋನು ಮಾಡಿದ್ದ, ಎತ್ತಿರಲಿಲ್ಲ.

ಹೊರಗೆ ಬರುವ ಗುಂಡಿ ಒತ್ತಿದೆ. ಚೌಕದಲ್ಲಿ ಒಂದು ಸಾಲು, ಕೆಳಗೆ ಎರಡು ಮನೆ. ಇಟ್ಟುಕೊಳ್ಳಲೇ, ಬೇಡವೇ ಎಂದು ಕೇಳುತ್ತಿದೆ ಎಂದು ತಿಳಿಯಿತು. ಬಲಗಡೆಯ ಮನೆ ಹೊಳೆಯುತ್ತಿತ್ತು. ಆದರೆ ಅಸ್ಲಮ ಮಾಡುವಾಗ ಹೌದು ಎನ್ನುವುದು ಎಡಗಡೆ ಇದ್ದದ್ದು ನನಗೆ ಪಕ್ಕಾ ನೆನಪಿತ್ತು. ಎಡಕ್ಕೆ ಸರಿಸಿ ಓಕೆ ಒತ್ತಿದೆ. ಭೋಜಪುರಿ ಹೆಂಗಸು ಮತ್ತೆ ಬಂದಳು. ಹೃದಯದ ಗುಂಡಿ ಒತ್ತಿದೆ. ಪಟ್ಟಿ ಖಾಲಿ.

ಏಳೂ ಹೋಗಿದ್ದವು. ಅರಬ್ಬಿಯಲ್ಲಿ ಎಲ್ಲವೂ ತಿರುಗಿ ಕೂತಿರುವಾಗ ಹೌದು ಎಂಬುದೂ ಬಲಕ್ಕೆ ಹೋಗಿರುತ್ತದೆ ಎಂದು ಈ ತಲೆಗೆ ಆಗ ಹೊಳೆಯಲಿಲ್ಲ. ರಿಮೋಟನ್ನು ಗೋಡೆಗೆ ಅಪ್ಪಳಿಸಲು ಕೈ ಎತ್ತಿದೆ. ಸುಳ್ಳು ಹೇಳುವುದಿಲ್ಲ, ಎತ್ತಿಯೇಬಿಟ್ಟಿದ್ದೆ. ಆಗ ಮಂಚದಿಂದ ಸದ್ದು ಬಂತು. ಶಂಕ್ರಮ್ಮ ಎಡಗೈ ಚಾಚಿದ್ದಳು, ಅಂಗೈ ಮೇಲೆ ಮಾಡಿ. ಗಲ್ಲೆಯಿಂದ ಚಿಲ್ಲರೆ ಬೇಕಾದಾಗ ಹೀಗೇ ಕೈ ಚಾಚುತ್ತಿದ್ದಳು, ಕೊಡದೆ ಇರುವ ಧೈರ್ಯ ನನಗೆ ಎಂದೂ ಆಗಿರಲಿಲ್ಲ. ಕೊಟ್ಟೆ.

ಅವಳು ರಿಮೋಟನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿದಳು. ಅವಸರ ಇಲ್ಲ. ಮೆನು, ಟಿವಿಯ ಚಿತ್ರ, ಮೊದಲ ಸಾಲು. ನಾಲ್ಕು ಮನೆ ಬಂದಾಗ ಬೆರಳು ನಿಂತಿತು, ಸೊನ್ನೆ ಎಲ್ಲಿದೆ ಎಂದು ಹುಡುಕಿತು. ತೋರಿಸಲು ಹೋದೆ, ನನ್ನ ಕೈಯನ್ನು ಮೊಣಕೈಯಿಂದ ಸರಿಸಿದಳು. ನಾನು ಒಂದೂವರೆ ಗಂಟೆ ಅರಚಾಡುತ್ತ ಮಾಡಿದ್ದನ್ನು ಅವಳು ಗೋಡೆಯ ಕಡೆಯಿಂದ ತಿರುಗಿ ಸುಮ್ಮನೆ ನೋಡಿ ಕಲಿತಿದ್ದಳು. ಸಾಲಿ ಮೆಟ್ಟಿಲು ಮೂರನೇ ಇಯತ್ತೆಗೆ ಬಿಟ್ಟವಳು. ಅಕ್ಷರವನ್ನು ಅವಳು ನೋಡಲೇ ಇಲ್ಲ. ಅವಳಿಗೆ ಇಂಗ್ಲೀಷೂ ಅರಬ್ಬಿಯೂ ಒಂದೇ, ಅದಕ್ಕೇ ಅವಳು ಗಾಬರಿಯಾಗಲಿಲ್ಲ.

ಅಡಿಗೆಗೆ ಹೃದಯ ಹಚ್ಚಿದಳು. ಗಂಗೆಗೆ ಹಚ್ಚಿದಳು. ಒಂದೊಂದಕ್ಕೂ ನಾಲ್ಕೈದು ನಿಮಿಷ. ನಡುವೆ ಕೈ ಸೋತು ಬಿದ್ದಾಗ ನಾನು ರಿಮೋಟು ಹಿಡಿದಿದ್ದೆ, ಒತ್ತಲಿಲ್ಲ. ಸುದ್ದಿಗೆ ಬಂದಾಗ ನನ್ನ ಕಡೆ ಒಮ್ಮೆ ನೋಡಿದಳು. ತಪ್ಪಾತು ಎಂದೆ. ಅದಕ್ಕೂ ಹಚ್ಚಿದಳು. ಏಳೂ ಆದವು. ಸಾಕು, ಹೊರಗೆ ಬಾ, ಬಲಗಡೆಯ ಮನೆ ಎಂದೆ. ಅವಳು ಹೊರಗೆ ಬರಲಿಲ್ಲ. ಯಾದಿಯಲ್ಲಿ ಇನ್ನೂ ಕೆಳಗೆ ಇಳಿದಳು, ಮತ್ತೆ ಮೇಲೆ ಹೋದಳು, ಯಾವುದನ್ನೋ ಹುಡುಕಿದಳು. ರೈತರ ಚಾನಲ್ಲಿನ ಹತ್ತಿರ ನಿಂತಳು. ಮೂಲೆಯಲ್ಲಿ ಇಬ್ಬರು ಮುದುಕರು ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತು ಜೋಳದ ಬೀಜದ ಮಾತಾಡುತ್ತಿದ್ದರು. ಅದಕ್ಕೂ ಹೃದಯ ಹಚ್ಚಿದಳು. ಎಂಟಾದವು.

ಆಮೇಲೆ ಹೊರಗೆ ಬಂದಳು. ಎರಡು ಮನೆ. ಬಲಗಡೆಯದು ಹೊಳೆಯುತ್ತಿತ್ತು, ಅದನ್ನು ಹಾಗೇ ಬಿಟ್ಟು ಓಕೆ ಒತ್ತಿದಳು. ಹೃದಯದ ಗುಂಡಿ ಒತ್ತಿದಳು. ಎಂಟು ಹೆಸರೂ ಸಾಲಾಗಿ ನಿಂತಿದ್ದವು. ನಾನು ಮಂಚದ ಕಾಲಿಗೆ ಕೈ ಊರಿ ಎದ್ದು ನಿಂತೆ.

"ಶಂಕ್ರವ್ವ, ಈಗ ಹೇಳು. ಕೈ ನೋಯಾಕತ್ತೈತೇನು? ನೋಯಾಕತ್ತಿದ್ರ ಸುದ್ದಿ ಹಚ್ಚು, ಕೊಪ್ಪಳಕ್ಕ ಹೋಗೂಣು."

ಅವಳು ಕೆಳಗೆ ಒತ್ತುತ್ತ ಬಂದಳು. ಚಂದನ. ಹಾಡು. ಅಡಿಗೆ. ಮುಂದಿನದು ಸುದ್ದಿ. ಮೈಕು ಹಿಡಿದ ಗಂಡಸು ಕೂಗತೊಡಗಿದ. ನಾನು ಫೋನಿಗೆ ಕೈ ಹಾಕಿದೆ. ಅವಳ ಬೆರಳು ಗುಂಡಿಯ ಮೇಲೆ ಹಾಗೇ ಇತ್ತು. ಅವನ ಮಾತು ಒಂದು ಮುಗಿಯಿತು, ಇನ್ನೊಂದು ಶುರುವಾಯಿತು. ಅವಳು ಮುಂದೆ ಒತ್ತಿದಳು. ಹಿಂದಕ್ಕೆ ಬರಲಿಲ್ಲ.

ನೋವು ಇರಲಿಲ್ಲ. ಬೆರಳು ನೋಡಿದೆ, ಊತ ಇತ್ತು, ನೀಲಿ ಹೋಗಿ ಕೆಂಪು ಬಂದಿತ್ತು. ರುದ್ರೇಶನಿಗೆ ಫೋನು ಮಾಡಿ ಗಾಡಿ ಬೇಡ, ಸಾಲಿ ಮುಗಿಸಿ ಬಾ ಎಂದೆ. ಅವನು ಖರೇನಾ ಎಂದು ಎರಡು ಸಲ ಕೇಳಿದ. ನಿಮ್ಮವ್ವನೇ ಹೇಳಿದಳು ಎಂದೆ.

ಫೋನು ಇಟ್ಟು ನೋಡಿದರೆ ರೈತರ ಚಾನಲ್ಲು ಹಚ್ಚಿದ್ದಳು. ಸದ್ದು ದೊಡ್ಡದಾಗಿತ್ತು. ಏನು ಬೇಕು ಎಂದು ಕೇಳಿದೆ. ಮುದುಕರು ಚಹಾ ಕುಡಿಯುತ್ತಿದ್ದರು, ಚಹಾ ಇರಬೇಕು ಎಂದು ಒಲೆಯ ಕಡೆ ಹೊರಟೆ. ಸದ್ದು ಇನ್ನೂ ಏರಿತು. ಬಂದೆ. ಜೋಳದ ರೊಟ್ಟಿಯೇ? ಗಾಳಿಗೆ ಹೊರಗೆ ಹೊರಸು ಹಾಕಲೇ? ತವರುಮನೆಯ ಹೊಲದ ನೆನಪೇ? ಯಾವುದಕ್ಕೂ ಅವಳು ತಲೆ ಆಡಿಸಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಔಷಧಿ ನೋಡುತ್ತೇನೆ ಎಂದು ಮತ್ತೆ ಎದ್ದೆ. ಅವಳು ರಿಮೋಟು ಬಿಟ್ಟು ನನ್ನ ಅಂಗಿಯ ಚುಂಗು ಹಿಡಿದಳು. ಅಷ್ಟು ಬಲ ಆ ಕೈಯಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮಂಚದ ಅಂಚಿಗೆ ಕೂತುಬಿಟ್ಟೆ.

ಕೂತ ಕೂಡಲೇ ಅವಳು ಅಂಗಿ ಬಿಟ್ಟಳು, ರಿಮೋಟು ಹುಡುಕಿ ಸದ್ದು ತಗ್ಗಿಸಿದಳು.

ಆಗ ನನಗೆ ತಿಳಿಯಿತು. ಐದು ತಿಂಗಳು ನಾನು ಈ ಖೋಲಿಗೆ ದಿನಕ್ಕೆ ಮೂವತ್ತು ಸಲ ಬಂದಿದ್ದೇನೆ. ಕೈಯಲ್ಲಿ ಲೋಟ, ತಾಟು, ಪಾತ್ರೆ, ಗುಳಿಗೆ ಏನಾದರೂ ಹಿಡಿದುಕೊಂಡೇ ಬಂದಿದ್ದೇನೆ, ಕೊಟ್ಟು ಹೋಗಿದ್ದೇನೆ. ಏ‍ಳು ಚಾನಲ್ಲಿಗೂ ಒಂದೊಂದು ಕೆಲಸವಿತ್ತು. ಸುಮ್ಮನೆ ಬಂದು ಕೂತುಕೋ ಎನ್ನಲು ಒಂದೂ ಇರಲಿಲ್ಲ. ಅದನ್ನು ಅಸ್ಲಮನಿಗೆ ಹೇಳಿ ಇಡಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಹೊರಗೆ ಯಾರೋ ಅಂಗಡಿಯ ಫಳಿ ಬಡಿದರು, ಸಾವ್ಕಾರ್ರ, ಎರಡ ಕಿಲೋ ಸಕ್ರಿ ಎಂದು ಕೂಗಿದರು. ರೂಢಿ ನೋಡಿ, ನನ್ನ ಕಾಲು ತಾನೇ ಎದ್ದಿತು. ಹಿಂದೆಯೇ ಟಿವಿಯಲ್ಲಿ ಜೋಳದ ಬೀಜದ ಮಾತು ಖೋಲಿ ತುಂಬ ಮೊಳಗಿತು. ತಿರುಗಿ ನೋಡಿದರೆ ಅವಳ ಹೆಬ್ಬೆರಳು ಸದ್ದಿನ ಗುಂಡಿಯ ಮೇಲೆ ಇತ್ತು, ಬಾಯಿಯ ಒಂದು ಬದಿ ಮಾತ್ರ ನಗುತ್ತಿತ್ತು.

"ಅಂಗಡಿ ಬಂದ್ ಐತಿ. ಮನ್ಯಾಗ ಮಾತಾಡಾಕತ್ತೀವಿ" ಎಂದು ಕೂಗಿ ಹೇಳಿ ಕೂತೆ.